ಅರವತ್ತು ತುಂಬುವ ವರ್ಷ: ಒಂದು ಕೂಡೋದಾ, ಕಳೆಯೋದಾ?

ಪ್ರಶ್ನೆ: ಒಬ್ಬರ ಈಗಿನ ವಯಸ್ಸು, ಈ ವರ್ಷದ ಹುಟ್ಟುಹಬ್ಬ ಆಯ್ತೋ ಇಲ್ವೋ, ಇಷ್ಟೇ ಗೊತ್ತಿದ್ರೆ ಅವರಿಗೆ ಅರವತ್ತು ತುಂಬುವ ವರ್ಷ ಹೇಗೆ ಹೇಳೋದು? ಹುಟ್ಟುಹಬ್ಬ ಇನ್ನೂ ಬಂದಿಲ್ಲ ಅಂದ್ರೆ ಒಂದು ಕೂಡಬೇಕಾ, ಕಳೆಯಬೇಕಾ?

ಕಳೆಯಬೇಕು. ಅರವತ್ತರಲ್ಲಿ ಈಗಿನ ವಯಸ್ಸು ಕಳೆಯಿರಿ, ಉಳಿದದ್ದನ್ನು ಈ ವರ್ಷಕ್ಕೆ ಕೂಡಿಸಿ. ಹುಟ್ಟುಹಬ್ಬ ಆಗಿದ್ದರೆ ಅದೇ ಉತ್ತರ. ಆಗಿಲ್ಲದಿದ್ದರೆ ಅದಕ್ಕಿಂತ ಒಂದು ವರ್ಷ ಮೊದಲು.

ನಾನು ಕೊಪ್ಪಳದಲ್ಲಿ ನೌಕರಿ ಪರೀಕ್ಷೆಗೆ ಓದುವ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತೇನೆ. ಜಾಸ್ತಿ ಜನ ಎಡವುವುದು ಇಲ್ಲೇ. "ಹುಟ್ಟಿದಬ್ಬ ಇನ್ನಾ ಬಂದಿಲ್ರಿ ಸರ್, ಅಂದಮ್ಯಾಲೆ ಅರವತ್ತೂ ತಡಾ ಆಗ್ತೈತಲ್ರಿ" ಅನ್ನುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ನಾನು ವರ್ಷ ಎಣಿಸಲು ಹೇಳುವುದಿಲ್ಲ, ಬಾಕಿ ಇರುವ ಹುಟ್ಟುಹಬ್ಬ ಎಣಿಸಲು ಹೇಳುತ್ತೇನೆ.

ಈಗ 2026ರ ಜುಲೈ ಅಂತ ಇಟ್ಟುಕೊಳ್ಳಿ. ಇಬ್ಬರಿಗೂ 57 ವರ್ಷ. ಒಬ್ಬರು ಫೆಬ್ರವರಿಯಲ್ಲಿ ಹುಟ್ಟಿದವರು, ಇನ್ನೊಬ್ಬರು ನವೆಂಬರ್‌ನಲ್ಲಿ. ಅರವತ್ತಕ್ಕೆ ಇಬ್ಬರಿಗೂ ಇನ್ನು ಮೂರು ಹುಟ್ಟುಹಬ್ಬ ಬಾಕಿ. ಫೆಬ್ರವರಿಯವರದ್ದು ಈ ವರ್ಷ ಮುಗಿದುಹೋಗಿದೆ. ಹಾಗಾಗಿ ಆ ಮೂರು ಬರುವುದು 2027, 2028, 2029ರಲ್ಲಿ. ನವೆಂಬರ್‌ನವರ ಮೊದಲನೆಯದು ಇದೇ ವರ್ಷ ಸಿಗುತ್ತದೆ: 2026, 2027, 2028. ಅವರಿಗೆ ಅರವತ್ತು ತುಂಬುವುದು 2028ಕ್ಕೆ. ಒಂದೇ ವಯಸ್ಸು ಹೇಳಿದರೂ ಇವರು ಹುಟ್ಟಿದ್ದು 1968ರಲ್ಲಿ, ಫೆಬ್ರವರಿಯವರು 1969ರಲ್ಲಿ. ದೊಡ್ಡವರಿಗೆ ಮೊದಲು ಅರವತ್ತಾಗುತ್ತದೆ, ಅಷ್ಟೇ.

ಉತ್ತರ ಸರಿಯೋ ಅಂತ ನೋಡಲು ಅದರಲ್ಲಿ 60 ಕಳೆದು ಹುಟ್ಟಿದ ವರ್ಷ ತೆಗೆಯಿರಿ, ಅದಕ್ಕೆ ಈಗಿನ ವಯಸ್ಸು ಕೂಡಿಸಿ. ಹುಟ್ಟುಹಬ್ಬ ಆದವರಿಗೆ ಈ ವರ್ಷವೇ ಬರಬೇಕು, ಆಗದವರಿಗೆ ಹೋದ ವರ್ಷ. 1968ಕ್ಕೆ 57 ಕೂಡಿದರೆ 2025. ಸರಿ ಇದೆ. ಒಂದು ಕೂಡಿ 2030 ಅಂತ ಬರೆದಿದ್ದರೆ 1970, ಅದಕ್ಕೆ 57 ಅಂದ್ರೆ 2027. ಇನ್ನೂ ಬರದ ವರ್ಷ! ಹುಟ್ಟುಹಬ್ಬ ಇವತ್ತೇ ಇದ್ದರೆ ಆಗಿದೆ ಅಂತಲೇ ಹಿಡಿಯಿರಿ.

ಈ ಲೆಕ್ಕ ನಿಲ್ಲುವುದು ತುಂಬಿದ ವಯಸ್ಸಿನ ಮೇಲೆ. ನಮ್ಮ ಕಡೆ ಹಿರಿಯರು "ಐವತ್ತೆಂಟು ನಡದೈತಿ" ಅಂದರೆ ತುಂಬಿದ್ದು 57. ಸುಮ್ನೆ 58 ಬರೆದುಕೊಂಡರೆ ಉತ್ತರ ಒಂದು ವರ್ಷ ಹಿಂದೆ ಬರುತ್ತದೆ. ಅದಕ್ಕೇ "ತುಂಬಿದ್ದು ಎಷ್ಟ್ರಿ?" ಅಂತಲೇ ಕೇಳಿ.

ನೀವು ನಿವೃತ್ತಿಗಾಗಿ ಕೇಳುತ್ತಿದ್ದರೆ ಇದೊಂದು ನೆನಪಿರಲಿ. ನಮ್ಮ ರಾಜ್ಯ ಸರ್ಕಾರಿ ನೌಕರರು ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಆದರೆ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ಹೋಗುತ್ತಾರೆ. ಶಾಲೆಯ ದಾಖಲೆಯಲ್ಲಿ ಜೂನ್ 1 ಇರುವವರು ನಮ್ಮಲ್ಲಿ ಬಹಳ. ಅವರಿಗೆ ಮೇ 31 ಆಗುತ್ತದೆ, ವರ್ಷ ಬದಲಾಗುವುದಿಲ್ಲ. ಜನವರಿ 1 ಇದ್ದವರಿಗೆ ಮಾತ್ರ ಅರವತ್ತು 2029ರಲ್ಲಿ ತುಂಬಿದರೂ ನಿವೃತ್ತಿ 2028ರ ಡಿಸೆಂಬರ್ 31ಕ್ಕೆ.