ಬಡ್ಡಿ ಏರಿದರೂ ಯೆನ್ ಇಳಿದದ್ದೇಕೆ?

“ಸಂಪಾದಕರೇ, 2024ರ ಮಾರ್ಚ್‌ನಲ್ಲಿ ಜಪಾನ್ ಬಡ್ಡಿ ಏರಿಸಿತು. ಹಾಗಾದರೆ ಯೆನ್ ಗಟ್ಟಿಯಾಗಬೇಕಿತ್ತಲ್ಲ? ಒಂದು ಡಾಲರಿಗೆ ಎಷ್ಟು ಯೆನ್ ಎಂದು ತೋರಿಸುವ ಡಾಲರ್–ಯೆನ್ ಚಾರ್ಟ್ ಮೇಲಕ್ಕೇ ಹೋಯಿತು. ಮೂರು ಸಲ ತಡೆದ 152ರ ಗೆರೆ ಏಪ್ರಿಲ್‌ನಲ್ಲಿ ಯಾಕೆ ಒಡೆಯಿತು?” — ಓದುಗರೊಬ್ಬರು

ಮಾರ್ಚ್ 19ರಂದು ಬ್ಯಾಂಕ್ ಆಫ್ ಜಪಾನ್ ಮೈನಸ್ 0.1ರಲ್ಲಿದ್ದ ದರವನ್ನು ಶೇ. 0–0.1ಕ್ಕೆ ತಂದಿತು. ಈ ಏರಿಕೆಯ ಸುದ್ದಿ ಪತ್ರಿಕೆಗಳಲ್ಲಿ ಮೊದಲೇ ಸೋರಿಹೋಗಿತ್ತು, ಅದನ್ನು ನಂಬಿ ಯೆನ್ ಕೊಳ್ಳುವವರು ಆಗಲೇ ಕೊಂಡಾಗಿತ್ತು. ಆ ದಿನ ಮಾರುಕಟ್ಟೆಯ ಕಿವಿಗೆ ಬಿದ್ದದ್ದು ‘ಸದ್ಯಕ್ಕೆ ಸಡಿಲ ನೀತಿಯೇ ಮುಂದುವರಿಯುತ್ತದೆ’ ಎಂಬ ಮಾತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ನ ದರ ಶೇ. 5.25–5.50ರಲ್ಲೇ ಇತ್ತು. ಅಗ್ಗದ ಯೆನ್ ಸಾಲ ತೆಗೆದು ಡಾಲರ್ ಇಟ್ಟುಕೊಂಡವರಿಗೆ ಶೇ. 5ಕ್ಕೂ ಮಿಕ್ಕ ಅಂತರ ಕೈಗೆ ಸಿಗುತ್ತಲೇ ಇತ್ತು. ಅವರು ಯಾಕೆ ಹೊರಬರುತ್ತಾರೆ? ಡಾಲರ್–ಯೆನ್ ಜೋಡಿ 150 ದಾಟಿತು.

ಇನ್ನು 152. 2022ರ ಅಕ್ಟೋಬರ್‌ನಲ್ಲಿ ಜೋಡಿ ಅದರ ಹತ್ತಿರ ಬಂದಾಗ ಜಪಾನ್ ಸರ್ಕಾರವೇ ಡಾಲರ್ ಮಾರಿ ಕೆಳಗೆ ತಳ್ಳಿತ್ತು. 2023ರ ನವೆಂಬರ್‌ನಲ್ಲೂ ಅಲ್ಲಿಂದಲೇ ತಿರುಗಿತು, 2024ರ ಮಾರ್ಚ್ 27ರಂದು 151.97 ಮುಟ್ಟಿ ನಿಂತಿತು. ಬಡ್ಡಿ ಅಂತರ ಮೇಲಕ್ಕೆ ಎಳೆಯುತ್ತಿತ್ತು, ಸರ್ಕಾರದ ಭಯ ಹಿಂದಕ್ಕೆ ಜಗ್ಗುತ್ತಿತ್ತು; ಗೆರೆಗೆ ಬಲ ಬಂದದ್ದು ಈ ಎಳೆದಾಟದಿಂದ. ಇಂಥ ಮಟ್ಟದಲ್ಲಿ ಮಾರಿದವರ ಸ್ಟಾಪ್‌ಲಾಸ್, ಅಂದರೆ ಬೆಲೆ ಎದುರು ಹೋದರೆ ನಷ್ಟ ತಡೆಯಲು ತಾನಾಗಿ ಮರಳಿ ಕೊಳ್ಳುವ ಆದೇಶ, ಸಹಜವಾಗಿ ಅದರ ತುಸು ಮೇಲೆಯೇ ಕೂತಿರುತ್ತದೆ.

ಏಪ್ರಿಲ್ 10ರಂದು ಅಮೆರಿಕದ ಗ್ರಾಹಕ ಹಣದುಬ್ಬರ ನಿರೀಕ್ಷೆ ಮೀರಿ ಶೇ. 3.5 ಬಂತು. ಫೆಡ್ ಜೂನ್‌ನಲ್ಲಿ ಬಡ್ಡಿ ಇಳಿಸೀತು ಎಂಬ ಆಸೆ ಕಮರಿತು, ಎರಡು ವರ್ಷದ ಅಮೆರಿಕನ್ ಬಾಂಡಿನ ಇಳುವರಿ ಶೇ. 5ರ ಹತ್ತಿರ ಜಿಗಿಯಿತು, 152 ಒಡೆದು ಅದೇ ದಿನ ಬೆಲೆ 153 ಮುಟ್ಟಿತು.

ಇಲ್ಲಿ ಒಂದು ಪರೀಕ್ಷೆ ಮಾಡಿ. ಡಾಲರ್–ಯೆನ್ ಪಕ್ಕದಲ್ಲಿ ಯೂರೊ–ಡಾಲರ್ ಮತ್ತು ಯೂರೊ–ಯೆನ್ ಚಾರ್ಟ್ ತೆರೆಯಿರಿ. ಮಾರ್ಚ್ 19ರಂದು ಯೂರೊ–ಯೆನ್ ಕೂಡ ಏರಿತ್ತು, ಅಂದರೆ ಸೋತದ್ದು ಯೆನ್. ಏಪ್ರಿಲ್ 10ರಂದು ಯೂರೊ ಡಾಲರಿನೆದುರು ಒಂದು ಸೆಂಟ್‌ಗೂ ಹೆಚ್ಚು ಕಳೆದುಕೊಂಡಿತು, ಅಂದರೆ ಗೆದ್ದದ್ದು ಡಾಲರ್. ಮಾರ್ಚ್‌ನಲ್ಲಿ ಬರೀ ಯೆನ್ ದೌರ್ಬಲ್ಯಕ್ಕೆ ಒಡೆಯದ ಗೆರೆಯನ್ನು ಡಾಲರಿನ ಹೊಸ ಬಲ ಒಡೆಯಿತು, ಯಾಕೆಂದರೆ ಬಡ್ಡಿ ಅಂತರ ಇನ್ನಷ್ಟು ದಿನ ಉಳಿಯುತ್ತದೆ ಎಂಬುದು ಅಂದು ಖಾತ್ರಿಯಾಯಿತು.

ಹಾಗೆಂದು ಸುದ್ದಿ ಬಂದ ನಿಮಿಷದಲ್ಲೇ ಹಾರಬೇಡಿ. ಆಗ ಕೊಳ್ಳುವ–ಮಾರುವ ದರಗಳ ನಡುವಿನ ಸ್ಪ್ರೆಡ್ ಹಿಗ್ಗಿರುತ್ತದೆ, ನೀವು ಕಂಡ ದರ ನಿಮಗೆ ಸಿಗುವುದಿಲ್ಲ. ಕ್ಯಾಂಡಲ್, ಅಂದರೆ ಚಾರ್ಟಿನಲ್ಲಿ ಒಂದು ಅವಧಿಯ ಬೆಲೆ ತೋರಿಸುವ ಪಟ್ಟಿ, ಗೆರೆಯಾಚೆ ಮುಗಿಯಲಿ, ಎರಡು ವರ್ಷದ ಬಾಂಡ್ ಇಳುವರಿಯೂ ಅದೇ ದಿಕ್ಕಿನಲ್ಲಿ ನಿಲ್ಲಲಿ. ಇಳುವರಿ ಹಿಂದಿರುಗಿ ಬೆಲೆ ಮಾತ್ರ ಮೇಲಿದ್ದರೆ ಅದು ಬಹುತೇಕ ಸ್ಟಾಪ್‌ಲಾಸ್‌ಗಳು ಸಿಡಿದ ಸದ್ದಷ್ಟೇ.

ಸರ್ಕಾರ ಯಾವಾಗ ಮಾರುಕಟ್ಟೆಗೆ ಇಳಿಯುತ್ತದೆ ಎಂಬುದನ್ನು ಬಡ್ಡಿ ಅಂತರ ಹೇಳುವುದಿಲ್ಲ. ಏಪ್ರಿಲ್ 29ರಂದು 160 ಮುಟ್ಟಿದ ಜೋಡಿಯನ್ನು ಜಪಾನ್ ಮತ್ತೆ ಕೆಳಗೆ ತಳ್ಳಿತು. ಮೇ 3ರಂದು ಅಮೆರಿಕದ ಉದ್ಯೋಗ ಅಂಕಿಅಂಶವೂ ಮಂಕಾಗಿ ಬಂದು ಬೆಲೆ 151.86ರವರೆಗೆ ಜಾರಿ, ಅಲ್ಲಿಂದ ಪುಟಿಯಿತು. ನಿಮ್ಮ ಹಳೆಯ ಗೆರೆಯನ್ನು ಅಳಿಸಬೇಡಿ. ಒಂದು ಕಾಲದ ಛಾವಣಿ ಅಂದು ನೆಲವಾಗಿ ನಿಂತಿತ್ತು.