ಕಿಲೋಮೀಟರ್ ಇಳಿಸಿದರೂ ಪ್ರತಿ ಡ್ರಾಪ್‌ನ ಖರ್ಚು ಇಳಿಯುತ್ತಿಲ್ಲ, ಯಾವ ರೂಟಿಂಗ್ ಸಾಫ್ಟ್‌ವೇರ್ ತಗೊಳ್ಳಲಿ?

ಸಾಫ್ಟ್‌ವೇರ್ ಈಗಲೇ ಬೇಡ. ಕಿಲೋಮೀಟರ್ ಹಿಂದೆ ಬಿದ್ದು ನಾನೂ ಕೈ ಸುಟ್ಟುಕೊಂಡವನೇ.

ನಮ್ಮದು ಪಾರ್ಸಲ್ ಡೆಲಿವರಿ, ಒಂದು ವ್ಯಾನಿಗೆ 60 ಡ್ರಾಪ್. ಓಡಾಟಕ್ಕೆ ಎರಡೂವರೆ ಗಂಟೆ, ಪ್ರತಿ ಸ್ಟಾಪಿಗೆ 5 ನಿಮಿಷ, ಒಟ್ಟು ಏಳೂವರೆ ಗಂಟೆ. ಎಡವಿದ್ದು ಆ 5 ನಿಮಿಷದಲ್ಲಿ. ಎಲ್ಲ ಸ್ಟಾಪಿಗೂ ಅದನ್ನೇ ಹಾಕಿಬಿಟ್ಟಿದ್ದೆ. ರಸ್ತೆ ಬದಿಯ ಅಂಗಡಿಗೆ 2 ನಿಮಿಷ ಸಾಕು. ಅಪಾರ್ಟ್‌ಮೆಂಟ್ ಅಂದರೆ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು, ಗೇಟಿನಲ್ಲಿ ಹೆಸರು ಬರೆಯಬೇಕು, ಲಿಫ್ಟಿಗೆ ಕಾಯಬೇಕು, ಬಾಗಿಲಲ್ಲಿ ಓಟಿಪಿ ಬರುವವರೆಗೆ ನಿಂತಿರಬೇಕು, ಅಲ್ಲಿಗೆ 12 ನಿಮಿಷ ಹೋಯ್ತು. ನಿಜವಾದ ಸರಾಸರಿ 7 ನಿಮಿಷ ಇತ್ತು. ಎರಡು ನಿಮಿಷ ಏನು ಮಹಾ ಅನಿಸುತ್ತೆ ಅಲ್ವಾ? 60 ಸ್ಟಾಪಿಗೆ ಎರಡು ಗಂಟೆ! ಓಡಾಟವನ್ನು ಶೇ. 10ರಷ್ಟು ಕಡಿಮೆ ಮಾಡಿದರೂ ಉಳಿಯುವುದು 15 ನಿಮಿಷ. ಸಂಜೆ 5ರೊಳಗೆ ಬರುತ್ತೇವೆ ಅಂದ ಮನೆಗೆ ಹುಡುಗ ಆರು ಕಾಲಿಗೆ ಹೋದರೆ ಬೀಗ.

ಇದು ಬೇಗ ಗೊತ್ತಾಗಲಿಲ್ಲ, ಯಾಕೆಂದರೆ ರಿಪೋರ್ಟಿನಲ್ಲಿ 'ಗ್ರಾಹಕರು ಮನೆಯಲ್ಲಿಲ್ಲ' ಅಂತಲೇ ಇರುತ್ತಿತ್ತು. ಅದನ್ನು ನಂಬಿ ಸುಮ್ನೆ ಎಸ್ಎಂಎಸ್, ಫೋನು ಅಂತ ದುಡ್ಡು ಸುರಿದೆ. ಕೊನೆಗೆ ಫೇಲಾದ ಡ್ರಾಪ್‌ಗಳನ್ನು ರೂಟಿನ ಕ್ರಮಸಂಖ್ಯೆ ಪ್ರಕಾರ ಜೋಡಿಸಿದೆ. ಜನ ನಿಜಕ್ಕೂ ಮನೆಯಲ್ಲಿಲ್ಲದಿದ್ದರೆ ಅವು ರೂಟಿನ ಉದ್ದಕ್ಕೂ ಹರಡಿರಬೇಕು. ನಮ್ಮವು ಹೆಚ್ಚುಕಡಿಮೆ ಎಲ್ಲ 40ರ ನಂತರದವು. ಕೆಲವಂತೂ ಒಂದೇ ನಿಮಿಷದಲ್ಲಿ, ಒಂದೇ ಜಾಗದಲ್ಲಿ, ಆ ವಿಳಾಸಗಳಿಗೆ ಎಷ್ಟೋ ದೂರದಲ್ಲಿ ನಿಂತು 'ಮನೆಯಲ್ಲಿಲ್ಲ' ಅಂತ ಒತ್ತಿದವು. ಹುಡುಗರನ್ನು ಬೈದು ಪ್ರಯೋಜನವಿಲ್ಲ, ಆಗದ ಪ್ಲಾನ್ ಕೊಟ್ಟವನು ನಾನು.

ಲೆಕ್ಕ ಹೀಗೆ ಹಾಕಿ. ವ್ಯಾನಿನ ದಿನದ ಖರ್ಚು 1800 ಅಂತಿಟ್ಟುಕೊಳ್ಳಿ. 60 ಹೊರಟು 45 ತಲುಪಿದರೆ ಒಂದಕ್ಕೆ 40. ಉಳಿದ 15 ನಾಳೆಯ ವ್ಯಾನಿನಲ್ಲಿ ಮತ್ತೆ ಜಾಗ ತಿನ್ನುತ್ತವೆ. 50 ಮಾತ್ರ ಹೊರಟು 48 ತಲುಪಿದರೆ 37.50. ಕಡಿಮೆ ತುಂಬಿಸಿದ್ದೇ ಅಗ್ಗವಾಯ್ತು. ಇದನ್ನು ಮೇಲಿನವರಿಗೆ ಒಪ್ಪಿಸುವುದು ಬೇರೆ ಕಥೆ.

ಗಾಡಿ ನಿಂತ ಜಿಪಿಎಸ್ ಸಮಯಕ್ಕೂ ಡೆಲಿವರಿ ಸ್ಕ್ಯಾನ್‌ಗೂ ನಡುವಿನ ಅಂತರವನ್ನು ಕಟ್ಟಡವಾರು ತೆಗೆಯಿರಿ. ಅದರಲ್ಲಿ ಎರಡು ಭಾಗ: ಕಟ್ಟಡಕ್ಕೆ ಹೊಕ್ಕು ಬರಲು 9 ನಿಮಿಷ, ಪ್ರತಿ ಪಾರ್ಸಲ್‌ಗೆ 3. ನಾಲ್ಕು ಪಾರ್ಸಲ್ ಒಟ್ಟಿಗೆ ಕೊಟ್ಟರೆ 21 ನಿಮಿಷ, ನಾಲ್ಕು ಸ್ಲಾಟಿಗೆ ನಾಲ್ಕು ಸಲ ಹೋದರೆ 48. ಹಾಗಾಗಿ ಆರ್ಡರ್ ಮಾಡುವಾಗಲೇ ಆ ಕಟ್ಟಡದವರಿಗೆಲ್ಲ ಒಂದೇ ಸ್ಲಾಟ್ ತೋರಿಸಿ. ಗ್ರಾಹಕರಿಗೆ ಬೇಕಾದ ಸ್ಲಾಟ್ ಆರಿಸಲು ಬಿಡುವುದು ನನ್ನ ಪ್ರಕಾರ ದುಬಾರಿ ಶೋಕಿ.

ಇಷ್ಟಾದ ಮೇಲೆ ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತೆ, ಪುಕ್ಕಟೆ ಸಿಗುವ OR-Tools ಕೂಡ. ಅದರಲ್ಲಿ ಸ್ಟಾಪಿನ ಸಮಯವನ್ನು ಪ್ರಯಾಣದ ಸಮಯಕ್ಕೆ ನೀವೇ ಕೂಡಿಸಿ ಕೊಡಬೇಕು, ಮರೆತರೆ ಅದು ಸೊನ್ನೆ ಅಂತಲೇ ತಿಳಿಯುತ್ತೆ. ನಿಮ್ಮ ಫೇಲಾದವು ರೂಟಿನ ಕೊನೆಯಲ್ಲಿವೆಯಾ, ಎಲ್ಲ ಕಡೆ ಇವೆಯಾ? ನೋಡಿ ಹೇಳಿ. ಎಲ್ಲ ಕಡೆ ಇದ್ದರೆ ನಿಮ್ಮ ಕಾಯಿಲೆ ಬೇರೆ, ಮೊದಲು ಮ್ಯಾಪಿನಲ್ಲಿ ವಿಳಾಸಗಳ ಪಿನ್ ಸರಿಯಾಗಿವೆಯಾ ಅಂತ ನೋಡಿ.