ಕೈಯಲ್ಲಿ ಬರೆದ ಸೆಲ್ ಚಿತ್ರವನ್ನು ತಿದ್ದುವಾಗ ಎಲ್ಲಿಂದ ಶುರು ಮಾಡಬೇಕು?

"ಮಗಳು ಸೆಕೆಂಡ್ ಪಿಯುಸಿ. ಗ್ಯಾಲ್ವನಿಕ್ ಸೆಲ್ ಚಿತ್ರ ಚೆನ್ನಾಗಿ ಬರೀತಾಳೆ, ಆದರೆ ಆನೋಡ್, ಕ್ಯಾಥೋಡ್, ಬಾಣದ ಗುರುತು ತಪ್ಪಾಗುತ್ತೆ. ಮನೆಯಲ್ಲಿ ನಾನು ಹೇಗೆ ಚೆಕ್ ಮಾಡಲಿ?"

ಅವಳು ಬರೆದ ಹೆಸರುಗಳನ್ನು ಮೊದಲು ಓದಬೇಡಿ. ಎರಡು ಲೋಹ ಯಾವುವು ಅಂತ ಮಾತ್ರ ನೋಡಿ. ಪಿಯು ಮಕ್ಕಳ ಉತ್ತರ ತಿದ್ದುವಾಗ ನಾನು ಹೀಗೇ ಮಾಡುತ್ತೇನೆ. ಯಾಕೆ ಅಂದ್ರೆ, ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿರುವ ಚಿತ್ರವೂ ಪೂರ್ತಿ ತಲೆಕೆಳಗಾಗಿರಬಹುದು.

ಒಮ್ಮೆ ತಾಮ್ರ ಮತ್ತು ಬೆಳ್ಳಿಯ ಸೆಲ್ ಕೊಟ್ಟಿದ್ದೆ. ಒಬ್ಬ ಹುಡುಗ ತಾಮ್ರಕ್ಕೆ ಕ್ಯಾಥೋಡ್, ಬೆಳ್ಳಿಗೆ ಆನೋಡ್ ಅಂತ ಬರೆದಿದ್ದ. ಬಾಣ ಬೆಳ್ಳಿಯಿಂದ ತಾಮ್ರಕ್ಕೆ. ಗೆರೆಯೆಲ್ಲ ನೀಟು. ಡೇನಿಯಲ್ ಸೆಲ್‌ನಲ್ಲಿ ತಾಮ್ರ ಕ್ಯಾಥೋಡ್ ಅಲ್ವಾ, ಅದನ್ನೇ ಬಾಯಿಪಾಠ ಮಾಡಿಕೊಂಡಿದ್ದ. ಆದರೆ ಅಲ್ಲಿ ಜೊತೆಗಿರುವುದು ಸತು. ಸತುವಿನ ಅಪಕರ್ಷಣ ವಿಭವ −0.76 ವೋಲ್ಟ್, ತಾಮ್ರದ್ದು +0.34, ಬೆಳ್ಳಿಯದ್ದು +0.80. ಇಬ್ಬರಲ್ಲಿ ಯಾರದು ಕಡಿಮೆಯೋ ಆ ಲೋಹವೇ ಆನೋಡ್. ಸತುವಿನ ಎದುರು ತಾಮ್ರ ಕ್ಯಾಥೋಡ್, ಬೆಳ್ಳಿಯ ಎದುರು ಅದೇ ತಾಮ್ರ ಆನೋಡ್. ಎಡಗಡೆ ಇದೆಯೋ ಬಲಗಡೆ ಇದೆಯೋ ಅನ್ನೋದು ಮುಖ್ಯವಲ್ಲ.

ಇದು ಗೊತ್ತಾದ ಮೇಲೆ ಎಲೆಕ್ಟ್ರಾನ್ ಹಿಂದೆ ಬೆರಳಿಟ್ಟು ಹೋಗಿ. ತಾಮ್ರ ಉತ್ಕರ್ಷಣಗೊಂಡು ಕರಗುತ್ತದೆ: Cu → Cu²⁺ + 2e⁻. ಬಿಟ್ಟುಕೊಟ್ಟ ಎಲೆಕ್ಟ್ರಾನ್ ತಂತಿಯ ಮೂಲಕ ಬೆಳ್ಳಿಗೆ ಹೋಗುತ್ತದೆ. ಹಾಗಾಗಿ ತಾಮ್ರದ ಹತ್ತಿರ ಮೈನಸ್, ಬೆಳ್ಳಿಯ ಹತ್ತಿರ ಪ್ಲಸ್ ಇರಬೇಕು. ಬಾಣದ ಪಕ್ಕ e⁻ ಅಂತ ಬರೆದಿದ್ದಾಳಾ ನೋಡಿ. ಬರೀ ಬಾಣ ಇದ್ದರೆ ಅದು ವಿದ್ಯುತ್ ಪ್ರವಾಹದ್ದೋ ಅಂತ ಅನುಮಾನ ಬರುತ್ತದೆ. ಪ್ರವಾಹದ ಬಾಣ ಉಲ್ಟಾ ದಿಕ್ಕಿನದು.

ಸಾಲ್ಟ್ ಬ್ರಿಡ್ಜ್ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಅದರೊಳಗೆ e⁻ ಬಾಣ ಇದ್ದರೆ ತಪ್ಪು. ಅಲ್ಲಿ ಓಡಾಡುವುದು ಅಯಾನುಗಳು. ತಾಮ್ರದ ಬೀಕರಿನಲ್ಲಿ Cu²⁺ ಹೆಚ್ಚುತ್ತಾ ಹೋಗುತ್ತದೆ, ಅದನ್ನು ಸರಿದೂಗಿಸಲು ಬ್ರಿಡ್ಜ್‌ನಲ್ಲಿರುವ KNO₃ದ ನೈಟ್ರೇಟ್ ಆ ಕಡೆ ಹೋಗುತ್ತದೆ. ಬೆಳ್ಳಿಯ ಬೀಕರಿನಲ್ಲಿ Ag⁺ ಕಡಿಮೆಯಾಗುತ್ತದೆ, ಅಲ್ಲಿಗೆ ಪೊಟ್ಯಾಸಿಯಂ. ಕೊಳವೆಯ ಎರಡೂ ತುದಿ ದ್ರಾವಣದೊಳಗೆ ಮುಳುಗಿರಲೇಬೇಕು. ಒಂದು ತುದಿ ದ್ರಾವಣಕ್ಕೆ ತಾಗದೆ ಮೇಲೇ ನಿಂತಂತೆ ಬರೆದರೆ ಆ ಸೆಲ್ ಕೆಲಸ ಮಾಡಲ್ಲ. ಕೊಳವೆಯ ಮೇಲೆ KCl ಅಂತ ಬರೆದಿದ್ದಾಳಾ? ಡೇನಿಯಲ್ ಸೆಲ್‌ಗೆ ಸರಿ, ಇಲ್ಲಿ ಬೇಡ. ಕ್ಲೋರೈಡ್ ಬೆಳ್ಳಿ ಅಯಾನಿಗೆ ಸಿಕ್ಕಿದರೆ ಬಿಳಿ AgCl ಗಸಿ ಕಟ್ಟುತ್ತದೆ. KNO₃ ಬರೆಸಿ.

ಈ ಪ್ಲಸ್-ಮೈನಸ್ ಲೆಕ್ಕ ತಾನಾಗಿಯೇ ವಿದ್ಯುತ್ ಕೊಡುವ ಸೆಲ್‌ಗೆ ಮಾತ್ರ. ಚಿತ್ರದಲ್ಲಿ ಹೊರಗಿನಿಂದ ಬ್ಯಾಟರಿ ಜೋಡಿಸಿ ವಿದ್ಯುದ್ವಿಭಜನೆ ಮಾಡಿದ್ದರೆ ಆನೋಡ್ ಪ್ಲಸ್ ಆಗುತ್ತದೆ. ಆಗಲೂ ಉತ್ಕರ್ಷಣ ನಡೆಯುವುದು ಆನೋಡ್‌ನಲ್ಲೇ.